ಪ್ಯಾಟರ್ನ್ ನೆನಪಿದ್ದದ್ದು ಬೆರಳಿಗೆ: ಒಡೆದು, ನೆನೆದು, ಆಫ್ ಆದ ಒಂದು ಫೋನಿನ ಪ್ರಕರಣ

ಬೆಂಗಳೂರಿನ ಎಸ್.ಪಿ. ರಸ್ತೆಯ ಆಸುಪಾಸಿನಲ್ಲಿ ನಾನು ಫೋನ್ ಬೋರ್ಡ್ ರಿಪೇರಿ ಮಾಡುತ್ತೇನೆ. ಇಲ್ಲಿ ಬರೆಯುತ್ತಿರುವುದು ಒಂದೇ ಒಂದು ಫೋನಿನ ವಿಷಯ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಮನೆ ಇರುವ ಜಾಗ, ಫೋನಿನ ಕಂಪನಿ ಎಲ್ಲವನ್ನೂ ಬಿಟ್ಟಿದ್ದೇನೆ.

ಫೋನ್ ಒಬ್ಬ ಟೈಲರ್ ಅಕ್ಕನದು. ವಯಸ್ಸು ಐವತ್ತರ ಮೇಲೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಸೀರೆಗೆ ಕುಚ್ಚು ಕಟ್ಟುತ್ತಾರೆ. ಗಿರಾಕಿಗಳ ನಂಬರ್, ಅವರು ಕಳಿಸಿದ ಡಿಸೈನ್ ಫೋಟೋ, ಅಳತೆ ಪುಸ್ತಕದ ಹಾಳೆಗಳ ಫೋಟೋ ಎಲ್ಲ ಆ ಫೋನಿನಲ್ಲೇ ಇತ್ತು. ಹೋದ ವರ್ಷ ತೀರಿಕೊಂಡ ಅವರ ತಾಯಿಯ ಕೊನೆಯ ಕೆಲವು ತಿಂಗಳ ಫೋಟೋಗಳೂ ಅದರಲ್ಲಿದ್ದವು. ನಾಲ್ಕು ವರ್ಷ ಹಳೆಯ, ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನ್, 128 ಜಿಬಿ. ಮೆಮೊರಿ ಕಾರ್ಡ್ ಹಾಕಿರಲಿಲ್ಲ.

ಜೂನ್ ತಿಂಗಳ ಒಂದು ಗುರುವಾರ ಸಂಜೆ ಮಳೆಯಲ್ಲಿ ಸ್ಕೂಟರ್‌ನಿಂದ ಫೋನ್ ಜಾರಿ ಬಿತ್ತು. ಗಾಜು ಒಡೆದು ಡಿಸ್‌ಪ್ಲೇ ಪೂರ್ತಿ ಕಪ್ಪಾಯಿತು. ಟಚ್ ಕೂಡ ಹೋಯಿತು. ಆದರೆ ಕಾಲ್ ಮಾಡಿದರೆ ರಿಂಗ್ ಆಗುತ್ತಿತ್ತು. ಅಂದರೆ ಹೋಗಿದ್ದು ಡಿಸ್‌ಪ್ಲೇ ಮಾತ್ರ, ಬೋರ್ಡ್ ಚೆನ್ನಾಗಿಯೇ ಇತ್ತು.

ಮನೆಯಲ್ಲಿ ಮಾಡಿದ್ದು

ಅಕ್ಕನ ಮಗ ಕಾಲೇಜು ಹುಡುಗ. ಮೊದಲು ಕೇಬಲ್ ಹಾಕಿ ಲ್ಯಾಪ್‌ಟಾಪ್‌ಗೆ ಜೋಡಿಸಿದ. ಫೋನಿನ ಹೆಸರು ಕಾಣಿಸಿತು, ಫೋಲ್ಡರ್ ಖಾಲಿ. ತುಂಬಾ ಜನ ಇಲ್ಲೇ ಗಾಬರಿ ಆಗುತ್ತಾರೆ, ಎಲ್ಲ ಅಳಿಸಿಹೋಯಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ಲಾಕ್ ತೆಗೆದು, ಫೋನಿನ ಪರದೆಯಲ್ಲಿ File transfer ಅಂತ ಆರಿಸುವವರೆಗೆ ಆಂಡ್ರಾಯ್ಡ್ ಒಳಗಿನದನ್ನು ತೋರಿಸುವುದಿಲ್ಲ. ಆರಿಸೋಣ ಅಂದರೆ ಪರದೆಯೇ ಇಲ್ಲ.

ಆಮೇಲೆ ಚಾರ್ಜಿಂಗ್ ಪೋರ್ಟ್‌ಗೆ ಓಟಿಜಿ ಅಡಾಪ್ಟರ್ ಹಾಕಿ ಮೌಸ್ ಜೋಡಿಸಿದ. ಟಚ್ ಮಾತ್ರ ಹೋಗಿ ಚಿತ್ರ ಕಾಣುತ್ತಿದ್ದರೆ ಇದು ಒಳ್ಳೆಯ ಉಪಾಯ. ಮೌಸ್‌ನಿಂದಲೇ ಪ್ಯಾಟರ್ನ್ ಎಳೆಯಬಹುದು. ಇಲ್ಲಿ ಚಿತ್ರವೇ ಇಲ್ಲದ ಕಾರಣ ಪ್ರಯೋಜನವಾಗಲಿಲ್ಲ. ಟೈಪ್ ಸಿ ಪೋರ್ಟ್‌ನಿಂದ ಟಿವಿಗೆ ಚಿತ್ರ ಕಳಿಸುವ ಸೌಕರ್ಯ ಕೆಲವು ದುಬಾರಿ ಫೋನ್‌ಗಳಲ್ಲಿ ಇರುತ್ತದೆ. ಇದರಲ್ಲಿ ಇರಲಿಲ್ಲ. ಕಂಪ್ಯೂಟರಿನಲ್ಲೇ ಫೋನಿನ ಪರದೆ ತೋರಿಸುವ ಸಾಫ್ಟ್‌ವೇರ್ ಬಗ್ಗೆ ವಿಡಿಯೋ ನೋಡಿದ. ಅದಕ್ಕೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ USB debugging ಅನ್ನುವ ಆಯ್ಕೆ ಮೊದಲೇ ಆನ್ ಆಗಿರಬೇಕು, ಆ ಕಂಪ್ಯೂಟರಿಗೆ ಫೋನಿನಲ್ಲಿ ಒಪ್ಪಿಗೆ ಕೊಟ್ಟಿರಬೇಕು. ಟೈಲರ್ ಅಕ್ಕನ ಫೋನಿನಲ್ಲಿ ಅದನ್ನು ಯಾರು ಆನ್ ಮಾಡಿರುತ್ತಾರೆ?

ಇಷ್ಟರವರೆಗೆ ಏನೂ ಕೆಟ್ಟಿರಲಿಲ್ಲ. ಮುಂದಿನ ಹೆಜ್ಜೆ ತಪ್ಪಿತು. ಇನ್ನೊಂದು ವಿಡಿಯೋ ನೋಡಿ ಪವರ್ ಬಟನ್ ಮತ್ತು ವಾಲ್ಯೂಮ್ ಬಟನ್ ಒಟ್ಟಿಗೆ ಹಿಡಿದುಕೊಂಡ. ಫೋನ್ ನಡುಗಿ ರೀಸ್ಟಾರ್ಟ್ ಆಯಿತು.

ಇದರಿಂದ ಎರಡು ತೊಂದರೆ. ಒಂದು, ಕೆಲವು ಫೋನ್‌ಗಳಲ್ಲಿ ಆ ಬಟನ್‌ಗಳು ರಿಕವರಿ ಮೆನುಗೆ ಕರೆದುಕೊಂಡು ಹೋಗುತ್ತವೆ. ಅಲ್ಲಿ Wipe data/factory reset ಅನ್ನುವ ಸಾಲು ಇರುತ್ತದೆ. ಪರದೆ ಕಾಣದೆ ಬಟನ್ ಒತ್ತುತ್ತಾ ಹೋದರೆ ಅದಕ್ಕೇ ಕೈ ಬೀಳಬಹುದು. ಫ್ಯಾಕ್ಟರಿ ರೀಸೆಟ್ ಆದ ಈಗಿನ ಫೋನಿನಿಂದ ಫೋಟೋ ತೆಗೆಯಲು ನನ್ನ ಕೈಯಲ್ಲೂ ಆಗುವುದಿಲ್ಲ. ಬೀಗದ ಕೀಲಿಯೇ ನಾಶವಾಗಿರುತ್ತದೆ. ಪುಣ್ಯಕ್ಕೆ ಈ ಫೋನ್ ಬರೀ ರೀಸ್ಟಾರ್ಟ್ ಆಯಿತು.

ಎರಡನೆಯದು ಹೆಚ್ಚಿನವರಿಗೆ ಗೊತ್ತಿಲ್ಲ. ಫೋನ್ ಆನ್ ಆದ ಮೇಲೆ ಒಂದು ಸಲ ಲಾಕ್ ತೆಗೆದಿದ್ದರೆ, ಆಮೇಲೆ ಪರದೆ ಲಾಕ್ ಆಗಿದ್ದರೂ ಒಳಗೆ ಆಪ್‌ಗಳು ಕೆಲಸ ಮಾಡುತ್ತಿರುತ್ತವೆ. ಮನೆಯ ವೈಫೈ ಸಿಕ್ಕರೆ ಕಾಂಟ್ಯಾಕ್ಟ್ ಸಿಂಕ್ ಆಗುತ್ತದೆ. ಫೋಟೋ ಬ್ಯಾಕಪ್ ಆನ್ ಇದ್ದರೆ ಅದೂ ನಡೆಯುತ್ತದೆ. ರೀಸ್ಟಾರ್ಟ್ ಆದ ಕ್ಷಣ ಎಲ್ಲ ನಿಲ್ಲುತ್ತದೆ. ಪ್ಯಾಟರ್ನ್ ಹಾಕುವವರೆಗೆ ಫೋಟೋ, ಕಾಂಟ್ಯಾಕ್ಟ್ ಎಲ್ಲ ಬೀಗದೊಳಗೆ. ಫಿಂಗರ್‌ಪ್ರಿಂಟ್ ಕೂಡ ತೆಗೆದುಕೊಳ್ಳುವುದಿಲ್ಲ.

ಅಕ್ಕನ ಅಕೌಂಟಿನಲ್ಲಿ ಫೋಟೋ ಬ್ಯಾಕಪ್ ಆನ್ ಇತ್ತು, ಆದರೆ ಉಚಿತ 15 ಜಿಬಿ ಎಂದೋ ತುಂಬಿ ನಿಂತಿತ್ತು. ಫೋನ್ ನೆನೆಯದೆ ಬರೀ ಒಡೆದಿದ್ದರೆ ಒಂದು ಸುಲಭದ ದಾರಿ ಇತ್ತು. ಬೇರೆ ಕಂಪ್ಯೂಟರಿನಲ್ಲಿ ಅದೇ ಜಿಮೇಲ್‌ಗೆ ಲಾಗಿನ್ ಆಗಿ, ಒಂದು ತಿಂಗಳಿಗೆ ಜಾಗ ಕೊಂಡು, ಫೋನನ್ನು ಮನೆಯ ವೈಫೈ ಹತ್ತಿರ ಚಾರ್ಜಿಗೆ ಹಾಕಿ ರಾತ್ರಿಯಿಡೀ ಸುಮ್ನೆ ಬಿಡುವುದು. ಬೆಳಗ್ಗೆ ಎಷ್ಟೋ ಫೋಟೋ ತಾನಾಗೇ ಮೇಲೆ ಹೋಗಿರುತ್ತಿದ್ದವು. ಆದರೆ ಇದು ಮಳೆಯಲ್ಲಿ ಬಿದ್ದ ಫೋನ್. ನೆನೆದ ಫೋನಿಗೆ ಚಾರ್ಜರ್ ಹಾಕುವುದೇ ತಪ್ಪು. ನೆನೆಯದೆ ಬರೀ ಒಡೆದಿದ್ದರೆ ಆಫ್ ಮಾಡಬೇಡಿ, ರೀಸ್ಟಾರ್ಟ್ ಮಾಡಬೇಡಿ. ನೆನೆದಿದ್ದರೆ ಅದೇ ದಿನ ಯಾರ ಹತ್ತಿರವಾದರೂ ತೆರೆಸಿ ಬ್ಯಾಟರಿ ಕನೆಕ್ಟರ್ ಬಿಡಿಸಿ. ಎರಡೂ ಪರಿಸ್ಥಿತಿ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಮಾಡಬೇಕಾದ್ದು ಮಾತ್ರ ಉಲ್ಟಾ.

ಫೋನ್ ಪೂರ್ತಿ ಆಫ್ ಆಗಿದ್ದು

ಶನಿವಾರ ಮನೆ ಹತ್ತಿರದ ಒಂದು ಅಂಗಡಿಗೆ ಕೊಟ್ಟರು. ಅವರು ಡಿಸ್‌ಪ್ಲೇ ತರಿಸುತ್ತೇವೆ ಅಂತ ಹೇಳಿ, ಅಲ್ಲಿವರೆಗೆ ಫಾಸ್ಟ್ ಚಾರ್ಜರ್‌ಗೆ ಹಾಕಿಟ್ಟರು. ಒಡೆದ ಗಾಜಿನ ಸಂದಿಯಿಂದ ನೀರು ಒಳಗೆ ಹೋಗಿದೆ ಅಂತ ಯಾರೂ ಯೋಚಿಸಲಿಲ್ಲ. ಸಂಜೆ ಹೊತ್ತಿಗೆ ಫೋನ್ ಬಿಸಿಯಾಗಿ ಆಫ್ ಆಗಿತ್ತು. ಕಾಲ್ ಮಾಡಿದರೆ ಸ್ವಿಚ್ ಆಫ್ ಅಂತ ಬರುತ್ತಿತ್ತು.

ಸೋಮವಾರ ಸರ್ವಿಸ್ ಸೆಂಟರ್. ಅಲ್ಲಿ ಹೇಳಿದ್ದು: ಬೋರ್ಡ್ ಹೋಗಿದೆ, ಹೊಸ ಬೋರ್ಡ್ ಹಾಕಬೇಕು, ಡೇಟಾಗೆ ನಾವು ಜವಾಬ್ದಾರರಲ್ಲ, ಇಲ್ಲಿ ಸಹಿ ಹಾಕಿ. ಅವರ ಕೆಲಸ ಫೋನ್ ಸರಿಮಾಡುವುದು, ಫೋಟೋ ಉಳಿಸುವುದಲ್ಲ. ಆ ಮಟ್ಟಿಗೆ ಅವರು ಹೇಳಿದ್ದು ನೇರವಾಗಿಯೇ ಇತ್ತು. ಸಹಿ ಹಾಕುವ ಮುಂಚೆ ಹುಡುಗ ಒಂದು ಪ್ರಶ್ನೆ ಕೇಳಿದ. "ಹಳೆ ಬೋರ್ಡ್ ನಮಗೆ ಕೊಡ್ತೀರಾ ಸರ್?" ಇಲ್ಲ, ಅದು ಕಂಪನಿಗೆ ವಾಪಸ್ ಹೋಗುತ್ತದೆ ಅಂದರು. ಅವನು ಸಹಿ ಹಾಕದೆ ಫೋನ್ ತೆಗೆದುಕೊಂಡು ಬಂದ.

ಈ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ತೀರ್ಮಾನ ಅದೇ. ಕಾರಣ ಹೇಳುತ್ತೇನೆ.

ಹಳೆಯ ಕಾಲದಲ್ಲಿ ಬೋರ್ಡ್ ಹೋದರೆ ಮೆಮೊರಿ ಚಿಪ್ ಕಿತ್ತು, ಬೇರೆ ಯಂತ್ರದಲ್ಲಿ ಓದಿ ಫೋಟೋ ತೆಗೆಯುತ್ತಿದ್ದರು. ಈಗಲೂ ಹಾಗೆ ಮಾಡಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಆದರೆ ಈಚಿನ ವರ್ಷಗಳ ಆಂಡ್ರಾಯ್ಡ್ ಫೋನುಗಳಲ್ಲಿ ಒಳಗಿನ ಎಲ್ಲವನ್ನೂ ಗುಟ್ಟಿನ ಲಿಪಿಯಲ್ಲಿ ಬರೆದಿಟ್ಟಿರುತ್ತದೆ. ಅದನ್ನು ಬಿಡಿಸುವ ಕೀಲಿ ಎರಡು ಕಡೆಯಿಂದ ಸೇರಿ ಆಗುತ್ತದೆ. ಒಂದು ಪಾಲು ಅದೇ ಫೋನಿನ ಪ್ರೊಸೆಸರ್ ಒಳಗಿರುವ ಗುಟ್ಟು. ಅದನ್ನು ಹೊರಗೆ ತೆಗೆಯಲು ಬರುವುದಿಲ್ಲ. ಇನ್ನೊಂದು ಪಾಲು ನೀವು ಹಾಕುವ ಪ್ಯಾಟರ್ನ್ ಅಥವಾ ಪಿನ್. ಮೆಮೊರಿ ಚಿಪ್ ಒಂದನ್ನೇ ಕಿತ್ತು ಓದಿದರೆ ಸಿಗುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ಹಾಗಾಗಿ ದಾರಿ ಒಂದೇ: ಅದೇ ಪ್ರೊಸೆಸರ್, ಅದೇ ಮೆಮೊರಿ ಇರುವ ಅದೇ ಬೋರ್ಡ್ ಒಂದೆರಡು ಗಂಟೆಯಾದರೂ ಎದ್ದು ಕೂರಬೇಕು. ಆಗ ಯಜಮಾನರು ಲಾಕ್ ತೆಗೆಯಬೇಕು. ಡಿಸ್‌ಪ್ಲೇ, ಬ್ಯಾಟರಿ, ಚಾರ್ಜಿಂಗ್ ಪೋರ್ಟ್, ಕ್ಯಾಮೆರಾ ಯಾವುದು ಹಾಳಾದರೂ ಚಿಂತೆಯಿಲ್ಲ, ಬದಲಾಯಿಸಬಹುದು. ಬೋರ್ಡ್ ಬದಲಾದರೆ ಫೋಟೋ ಮುಗಿದ ಹಾಗೆ.

ಫೋನ್ ಮುಟ್ಟುವ ಮುಂಚೆ ಸಿಕ್ಕಿದ್ದು

ಮಂಗಳವಾರ ತಾಯಿ, ಮಗ ಇಬ್ಬರೂ ನನ್ನ ಹತ್ತಿರ ಬಂದರು. ನಾನು ಮೊದಲು ಸಿಮ್ ತೆಗೆದು ಮಗನ ಫೋನಿಗೆ ಹಾಕಿಸಿದೆ. ಓಟಿಪಿ ಬರಬೇಕಲ್ವಾ. ಲಾಗಿನ್ ಆಗುವಾಗ ಗೂಗಲ್ ಒಡೆದ ಫೋನಿಗೇ "ಹೌದು" ಒತ್ತಿ ಅಂತ ಕೇಳಿತು. ಬೇರೆ ವಿಧಾನ ಅಂತ ಆರಿಸಿ, ಮೆಸೇಜಿನಲ್ಲಿ ಬಂದ ಕೋಡ್ ಹಾಕಿದೆವು.

contacts.google.com ತೆರೆದಾಗ 318 ಹೆಸರು ಸಿಕ್ಕವು. ಸಿಮ್‌ನಲ್ಲಿ ಹಳೆಯ 41. ಅಕ್ಕನ ಪ್ರಕಾರ ಸಾವಿರದ ಹತ್ತಿರ ಇರಬೇಕಿತ್ತು. ಸಿಕ್ಕ ಹೆಸರುಗಳನ್ನು ಅವರು ನೋಡುತ್ತಾ ಹೋದರು. ಎಲ್ಲ ನಾಲ್ಕು ವರ್ಷ ಹಿಂದಿನ ಗಿರಾಕಿಗಳು. ಈ ಫೋನ್ ತೆಗೆದುಕೊಂಡ ದಿನದಿಂದ ಹೊಸ ನಂಬರುಗಳೆಲ್ಲ ಗೂಗಲ್ ಅಕೌಂಟಿಗೆ ಹೋಗದೆ "ಫೋನ್" ಅನ್ನುವ ಜಾಗದಲ್ಲಿ ಸೇವ್ ಆಗುತ್ತಿದ್ದವು. ಹೊಸ ನಂಬರ್ ಸೇವ್ ಮಾಡುವಾಗ ಮೇಲೆ ಸಣ್ಣ ಅಕ್ಷರದಲ್ಲಿ ಎಲ್ಲಿಗೆ ಅಂತ ಕೇಳುತ್ತದೆ. ಒಂದು ಸಲ ಆರಿಸಿದ್ದೇ ಮುಂದೆ ಉಳಿದುಬಿಡುತ್ತದೆ.

ವಾಟ್ಸಾಪ್‌ಗೆ ಕೈ ಹಾಕಬೇಡಿ ಅಂದೆ. ಮಗನಿಗೆ ಅಂದೇ ಹೊಸ ಫೋನಿನಲ್ಲಿ ಅಮ್ಮನ ವಾಟ್ಸಾಪ್ ಶುರು ಮಾಡುವ ಆತುರವಿತ್ತು, ಗಿರಾಕಿಗಳು ಕಾಯುತ್ತಿದ್ದರು. ಡ್ರೈವ್‌ನಲ್ಲಿದ್ದ ಬ್ಯಾಕಪ್ ಎಂಟು ತಿಂಗಳು ಹಳೆಯದು. ಹಳೆಯದನ್ನು ತರಿಸಿಕೊಳ್ಳದೆ ಹೊಸದಾಗಿ ಶುರು ಮಾಡಿ, ಅದು ಮತ್ತೆ ಬ್ಯಾಕಪ್ ತೆಗೆದುಕೊಂಡರೆ, ಇದ್ದ ಹಳೆಯದರ ಜಾಗದಲ್ಲಿ ಖಾಲಿಯದು ಕೂರುತ್ತದೆ. ಅದಲ್ಲದೆ ವಾಟ್ಸಾಪ್ ದಿನಾ ನಸುಕಿನ 2 ಗಂಟೆಗೆ ಫೋನಿನ ಒಳಗೇ ಒಂದು ಪ್ರತಿ ಬರೆದಿಡುತ್ತದೆ. ಬೋರ್ಡ್ ಎದ್ದರೆ ಆ ಪ್ರತಿ ಸಿಗುತ್ತದೆ ಅನ್ನುವ ಆಸೆ ನನಗಿತ್ತು. ಎರಡು ದಿನ ತಡೆದುಕೊಂಡರು.

ಬೋರ್ಡ್ ಎಬ್ಬಿಸಿದ್ದು

ಹಿಂಬದಿ ಬಿಸಿ ಮಾಡಿ ತೆಗೆದಾಗ ಚಾರ್ಜಿಂಗ್ ಭಾಗದ ಪಕ್ಕ ಬಿಳಿ, ಹಸಿರು ಬಣ್ಣದ ಪುಡಿ ಕಟ್ಟಿತ್ತು. ತಾಮ್ರ ಕಿಲುಬು ಹಿಡಿದ ಗುರುತು. ಮೊದಲು ಬ್ಯಾಟರಿ ಬಿಡಿಸಿ, ಬೋರ್ಡ್ ಹೊರಗೆ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತನೆ ಬ್ರಷ್‌ನಲ್ಲಿ ತೊಳೆದು ಒಣಗಿಸಿದೆ. ಅಕ್ಕಿ ಡಬ್ಬದಲ್ಲಿ ಎರಡು ದಿನ ಇಟ್ಟಿದ್ದೆವು ಅಂದರು. ಅಕ್ಕಿ ಈ ಕಿಲುಬನ್ನು ಮುಟ್ಟುವುದೇ ಇಲ್ಲ. ಒಳಗೆ ಉಪ್ಪು, ಕೊಳೆ ಹಾಗೇ ಉಳಿಯುತ್ತದೆ, ಎರಡು ದಿನ ವ್ಯರ್ಥವಾಗುತ್ತದೆ ಅಷ್ಟೆ.

ಬ್ಯಾಟರಿಯ ಬದಲು ಡಿಸಿ ಸಪ್ಲೈನಿಂದ 4 ವೋಲ್ಟ್ ಕೊಟ್ಟು ನೋಡಿದೆ. ಚೆನ್ನಾಗಿರುವ ಬೋರ್ಡ್ ಪವರ್ ಬಟನ್ ಒತ್ತುವ ಮುಂಚೆ ಹೆಚ್ಚುಕಡಿಮೆ ಏನೂ ಎಳೆಯಬಾರದು. ಇದು ಜೋಡಿಸಿದ ತಕ್ಷಣ ಒಂದು ಆಂಪಿಯರ್‌ಗಿಂತ ಜಾಸ್ತಿ ಎಳೆಯಿತು. ನನಗೆ ಸಮಾಧಾನವಾಯಿತು. ಬಟನ್ ಒತ್ತಿದರೂ ಅಲುಗಾಡದ ಬೋರ್ಡ್‌ಗಿಂತ ಇದು ವಾಸಿ. ಮುಖ್ಯ ಪವರ್ ಲೈನಿನಲ್ಲಿ ಎಲ್ಲೋ ಶಾರ್ಟ್ ಇದೆ ಅಂತ ಅರ್ಥ. ಶಾರ್ಟ್ ಆದರೆ ಹುಡುಕಬಹುದು.

ವೋಲ್ಟೇಜ್ 1ಕ್ಕೆ ಇಳಿಸಿ ಕರೆಂಟ್ ಬಿಟ್ಟು, ಥರ್ಮಲ್ ಕ್ಯಾಮೆರಾದಲ್ಲಿ ನೋಡಿದೆ. ಚಾರ್ಜಿಂಗ್ ಐಸಿ ಪಕ್ಕದ ಒಂದು ಕೆಪಾಸಿಟರ್, ಸಾಸಿವೆ ಕಾಳಿಗಿಂತ ಚಿಕ್ಕದು, ಬಿಸಿಯಾಗಿ ಬೆಳಗುತ್ತಿತ್ತು. ವೋಲ್ಟೇಜ್ ಕಡಿಮೆ ಇಡುವುದು ಯಾಕೆಂದರೆ, ಶಾರ್ಟ್ ಬಿಟ್ಟುಕೊಂಡ ಕ್ಷಣ ಪೂರ್ತಿ ವೋಲ್ಟೇಜ್ ಬೇರೆ ಯಾವುದಕ್ಕೂ ನುಗ್ಗಬಾರದು. ಆ ಕೆಪಾಸಿಟರ್ ತೆಗೆದೆ, ಬದಲಿಗೆ ಏನೂ ಹಾಕಲಿಲ್ಲ. ಆ ಲೈನಿನಲ್ಲಿ ಅಂಥವು ಇನ್ನೂ ಹಲವು ಇರುತ್ತವೆ, ಒಂದಿಲ್ಲದಿದ್ದರೂ ಫೋನ್ ನಡೆಯುತ್ತದೆ. ನಮಗೆ ಬೇಕಿದ್ದದ್ದು ಬೋರ್ಡ್ ಸ್ವಲ್ಪ ಹೊತ್ತು ಬದುಕುವುದು. ಚೆಂದ ಮಾಡಲು ಹೋಗಿ ಬಿಸಿಗಾಳಿ ಜಾಸ್ತಿ ಕೊಟ್ಟರೆ ಪಕ್ಕದ ಪ್ರೊಸೆಸರ್‌ಗೇ ಅಪಾಯ.

ಮತ್ತೆ 4 ವೋಲ್ಟ್ ಕೊಟ್ಟಾಗ ಮೀಟರ್ ಸೊನ್ನೆಯಲ್ಲಿ ನಿಂತಿತು. ಪವರ್ ಬಟನ್ ಒತ್ತಿದೆ. ಮುಳ್ಳು ಮೇಲೇರಿ, ಇಳಿದು, ಮತ್ತೆ ಏರಿ ಕುಣಿಯತೊಡಗಿತು. ಒಂದೇ ಕಡೆ ನಿಂತುಬಿಟ್ಟರೆ ಬೂಟ್ ಆಗುತ್ತಿಲ್ಲ ಅಂತ. ಹೀಗೆ ಏರಿಳಿದರೆ ಸಾಫ್ಟ್‌ವೇರ್ ಏಳುತ್ತಿದೆ ಅಂತ.

ನನ್ನ ಹತ್ತಿರ ಇದ್ದ ಅದೇ ಮಾಡೆಲ್‌ನ ಹಳೆಯ ಡಿಸ್‌ಪ್ಲೇ ಕಾಂಬೋವನ್ನು ಅಂಟಿಸದೆ ಬರೀ ಕನೆಕ್ಟರ್ ಸಿಕ್ಕಿಸಿದೆ. ಡೇಟಾ ತೆಗೆಯುವುದಷ್ಟೇ ಕೆಲಸವಾದರೆ ಹೊಸ ಡಿಸ್‌ಪ್ಲೇ ಕೊಳ್ಳಬೇಕಾಗಿಲ್ಲ, ಹೀಗೆ ಒಂದು ಗಂಟೆಗೆ ಜೋಡಿಸಿ ತೆಗೆಯಬಹುದು. ಲಾಕ್ ಸ್ಕ್ರೀನ್ ಬಂತು. ಸಿಮ್ ಹಾಕಿ ಮಗನ ನಂಬರಿನಿಂದ ಕಾಲ್ ಮಾಡಿಸಿದೆ. ಅವನ ಹೆಸರು ಬರಲಿಲ್ಲ, ಬರೀ ನಂಬರ್ ಬಂತು. ಕಾಂಟ್ಯಾಕ್ಟ್ ಇನ್ನೂ ಬೀಗದೊಳಗಿದೆ ಅನ್ನುವುದಕ್ಕೆ ಅದೇ ಗುರುತು.

ಪ್ಯಾಟರ್ನ್

ಅಕ್ಕನನ್ನು ಕರೆಸಿದೆ. ಪ್ಯಾಟರ್ನ್ ಹೇಳಿ ಅಂದರೆ ಅವರಿಗೆ ಬರಲಿಲ್ಲ. ದಿನಾ ಫಿಂಗರ್‌ಪ್ರಿಂಟ್‌ನಲ್ಲೇ ತೆರೆಯುತ್ತಿದ್ದರು. ಆದರೆ ಆಂಡ್ರಾಯ್ಡ್ ಸಾಮಾನ್ಯವಾಗಿ 72 ಗಂಟೆಗೊಮ್ಮೆ ಪ್ಯಾಟರ್ನ್ ಕೇಳಿಯೇ ಕೇಳುತ್ತದೆ. ಅಂದರೆ ವಾರಕ್ಕೆ ಎರಡು ಸಲವಾದರೂ ಅವರು ಅದನ್ನು ಎಳೆದಿರಲೇಬೇಕು. ತಲೆಗೆ ನೆನಪಿಲ್ಲ, ಕೈಗೆ ಇರಬೇಕು.

ಮೇಜಿನ ಮೇಲೆ ಬಿಡಿಬಿಡಿಯಾಗಿ ಬಿದ್ದಿದ್ದ ಡಿಸ್‌ಪ್ಲೇ ಮೇಲೆ ಎಳೆಯಿರಿ ಅಂದೆ. ಎರಡು ಸಲ ತಪ್ಪಾಯಿತು. ಅಲ್ಲಿಗೆ ನಿಲ್ಲಿಸಿದೆ. ಐದು ಸಲ ತಪ್ಪಿದರೆ 30 ಸೆಕೆಂಡ್ ಕಾಯಿಸುತ್ತದೆ, ತಪ್ಪುತ್ತಾ ಹೋದ ಹಾಗೆ ಕಾಯುವ ಹೊತ್ತು ಬೆಳೆಯುತ್ತದೆ. ಅದಕ್ಕಿಂತ ಮುಖ್ಯ, ಗಾಬರಿಯಲ್ಲಿ ಎಳೆದಷ್ಟೂ ಕೈ ತನ್ನ ಅಭ್ಯಾಸ ಮರೆಯುತ್ತದೆ. ಮೊದಲೇ ನಾನು ಅವರನ್ನು ಹಾಗೆ ಎಳೆಯಲು ಬಿಡಬಾರದಿತ್ತು.

"ಮನೇಲಿ ಹೇಗೆ ಹಿಡ್ಕೋತೀರಾ ಅಕ್ಕ?" ಅಂತ ಕೇಳಿದೆ. ಎಡಗೈಯಲ್ಲಿ ಫೋನ್, ಬಲಗೈ ತೋರುಬೆರಳು, ಹೊಲಿಗೆ ಮಷೀನಿನ ಮುಂದೆ ಕೂತು. ಡಿಸ್‌ಪ್ಲೇಯನ್ನು ಬೋರ್ಡ್ ಸಮೇತ ಹಳೆಯ ಬಾಡಿಗೆ ಟೇಪ್ ಹಾಕಿ ಕೂರಿಸಿದೆ, ಕೈಗೆ ಫೋನಿನ ಹಾಗೇ ಸಿಗುವಂತೆ. ಸ್ಟೂಲ್ ಮೇಲೆ ಕೂರಿಸಿದೆ. ಮಗ ಟೀ ತಂದ. ಮಾತಾಡುತ್ತಾ ಮಾತಾಡುತ್ತಾ, ಪರದೆಯನ್ನು ಅಷ್ಟೇನೂ ನೋಡದೆ ಅವರು ಎಳೆದರು. ತೆರೆಯಿತು.

ಅವರ ಕೈಗೂ ಮರೆತಿದ್ದರೆ ನಾನು ಫೋನ್ ವಾಪಸ್ ಕೊಡಬೇಕಿತ್ತು. ಬೋರ್ಡ್ ಎದ್ದರೂ ಲಾಕ್ ಇಲ್ಲದೆ ಒಳಗೆ ಹೋಗುವ ದಾರಿ ನನ್ನಂಥ ಅಂಗಡಿಯವನ ಹತ್ತಿರ ಇಲ್ಲ. ಇದೆ ಅಂತ ಮುಂಗಡ ಕೇಳುವವರನ್ನು ನಂಬಬೇಡಿ.

ಮೊದಲು ಯಾವುದು

ಇಂಥ ಬೋರ್ಡ್ ಯಾವಾಗ ಕೈಕೊಡುತ್ತದೋ ಹೇಳಲಾಗದು. ಅದಕ್ಕೆ ಅಕ್ಕನನ್ನು ಕೇಳಿ ಮೊದಲು ಸ್ಕ್ರೀನ್ ಲಾಕ್ ತೆಗೆದುಹಾಕಿದೆ, ನಡುವೆ ರೀಸ್ಟಾರ್ಟ್ ಆದರೆ ಮತ್ತೆ ಪ್ಯಾಟರ್ನ್ ಕೇಳಬಾರದು ಅಂತ. ಪರದೆ ಆರುವ ಸಮಯವನ್ನು ಅರ್ಧ ಗಂಟೆಗೆ ಹೆಚ್ಚಿಸಿದೆ.

ಆಮೇಲೆ ಕಾಂಟ್ಯಾಕ್ಟ್. ಕಾಂಟ್ಯಾಕ್ಟ್ ಆಪ್‌ನಲ್ಲಿ ಎಲ್ಲ ಅಕೌಂಟ್ ಸೇರಿಸಿ ಎಕ್ಸ್‌ಪೋರ್ಟ್ ಕೊಟ್ಟರೆ .vcf ಅನ್ನುವ ಒಂದು ಫೈಲ್ ಆಗುತ್ತದೆ. ತುಂಬಾ ಚಿಕ್ಕದು, ಕ್ಷಣದಲ್ಲಿ ಕಾಪಿ ಆಯಿತು. 936 ಹೆಸರು. ಬರೀ ಗೂಗಲ್ ಅಕೌಂಟ್ ಒಂದನ್ನೇ ಆರಿಸಿದ್ದರೆ ಮತ್ತೆ ಅದೇ 318 ಬರುತ್ತಿತ್ತು.

ಎರಡನೆಯದು ಅಕ್ಕನ ತಾಯಿಯ ಫೋಟೋ. ಯಾವ ತಿಂಗಳು ಅಂತ ಕೇಳಿ, ಕ್ಯಾಮೆರಾದ ಫೋಟೋಗಳಿರುವ DCIM ಫೋಲ್ಡರ್ ಒಳಗೆ ಆ ತಿಂಗಳುಗಳದ್ದು ಮಾತ್ರ ಆರಿಸಿ ತೆಗೆದೆ. ಮೂರನೆಯದು Android/media/com.whatsapp ಫೋಲ್ಡರ್. ಗಿರಾಕಿಗಳ ಡಿಸೈನ್ ಫೋಟೋ ಎಲ್ಲ ಅದರಲ್ಲಿ, ಜೊತೆಗೆ ನಸುಕಿನ ಆ ಪ್ರತಿಯೂ. ಉಳಿದ ಫೋಟೋ, ವಿಡಿಯೋ ಕೊನೆಗೆ. ಒಟ್ಟು 41 ಜಿಬಿ. ಒಂದೇ ಸಲ ಎಳೆಯಲು ಹೋದಾಗ ಕಾಪಿ ಅರ್ಧಕ್ಕೆ ನಿಂತು ಫೋನ್ ರೀಸ್ಟಾರ್ಟ್ ಆಯಿತು. ಲಾಕ್ ತೆಗೆದಿದ್ದರಿಂದ ನೇರ ಒಳಗೆ ಹೋದೆವು. ಆಮೇಲೆ ಇನ್ನೂರು, ಮುನ್ನೂರು ಫೈಲ್‌ಗಳ ಗುಂಪು ಮಾಡಿ ಎಳೆದೆ. ಮೂರು ಗಂಟೆ ಹಿಡಿಯಿತು.

ಮುಗಿದ ಮೇಲೆ ಎರಡೂ ಕಡೆಯ ಲೆಕ್ಕ ಹೋಲಿಸಿದೆವು, 6,214 ಫೋಟೋ. ಬರೀ ಎಣಿಕೆ ಸಾಲದು ಅಂತ ಅಲ್ಲಲ್ಲಿ ತೆರೆದು ನೋಡಿದೆವು. ರೀಸ್ಟಾರ್ಟ್ ಆದಾಗ ಹರಿಯುತ್ತಿದ್ದ ಒಂದು ವಿಡಿಯೋ ಅರ್ಧ ಮಾತ್ರ ಬಂದಿತ್ತು, ಮತ್ತೆ ಕಾಪಿ ಮಾಡಿದೆ. ಸಿಗದೆ ಹೋದದ್ದು ಒಂದೇ. ಫೋನಿನ ನೋಟ್ಸ್ ಆಪ್‌ನಲ್ಲಿ ಬರೆದಿಟ್ಟ ಅಳತೆಗಳು ಕೇಬಲ್‌ನಲ್ಲಿ ಬರುವುದಿಲ್ಲ, ಅದು ಆಪ್‌ನ ಸ್ವಂತ ಜಾಗದಲ್ಲಿರುತ್ತದೆ. ಆಪ್ ತೆರೆದು ಒಂದೊಂದೇ ಪುಟವನ್ನು ಮಗನ ಫೋನಿನಲ್ಲಿ ಫೋಟೋ ತೆಗೆದೆವು. ಇಪ್ಪತ್ತು ಪುಟ ಆಗುವಷ್ಟರಲ್ಲಿ ಬೋರ್ಡ್ ಬಿಸಿಯಾಗಿ ಆಫ್ ಆಯಿತು. ಮತ್ತೆ ಏಳಲಿಲ್ಲ. ಕೆಪಾಸಿಟರ್ ಪಕ್ಕದ ಚಾರ್ಜಿಂಗ್ ಐಸಿಯ ಕೆಳಗೂ ಕಿಲುಬು ಹಬ್ಬಿತ್ತು. ಉಳಿದ ಅಳತೆಗಳಿಗೆ ಅಕ್ಕ ಗಿರಾಕಿಗಳ ಹಳೆ ಬ್ಲೌಸ್ ಕೇಳಿ ತರಿಸಿಕೊಂಡರು.

ವಾಟ್ಸಾಪ್ ಫೋಲ್ಡರನ್ನು ಹೊಸ ಫೋನಿನಲ್ಲಿ ಅದೇ ಜಾಗಕ್ಕೆ ಹಾಕಿ, ಆಮೇಲೆ ವಾಟ್ಸಾಪ್ ಇನ್‌ಸ್ಟಾಲ್ ಮಾಡಿ, ಅದೇ ನಂಬರ್ ಕೊಟ್ಟೆವು. ಬ್ಯಾಕಪ್ ಸಿಕ್ಕಿದೆ, ತರಿಸಲೇ ಅಂತ ಕೇಳಿತು. ಫೋನ್ ಬಿದ್ದ ಗುರುವಾರ ನಸುಕಿನವರೆಗಿನ ಮಾತುಕತೆ ಎಲ್ಲ ಬಂತು. .vcf ಫೈಲ್ ಹಾಕುವಾಗ ಎಲ್ಲಿಗೆ ಅಂತ ಕೇಳಿದಾಗ ಗೂಗಲ್ ಅಕೌಂಟ್ ಆರಿಸಿ, ಐದು ನಿಮಿಷ ಬಿಟ್ಟು ಕಂಪ್ಯೂಟರಿನಲ್ಲಿ contacts.google.com ತೆರೆದು 936 ಅಲ್ಲಿಗೂ ಬಂದಿದೆಯಾ ಅಂತ ಅಕ್ಕನಿಗೇ ತೋರಿಸಿದೆ. ಅವರು ಮೊದಲು ಹುಡುಕಿದ್ದು ಮಾರನೆಯ ದಿನ ಮದುವೆಗೆ ಬ್ಲೌಸ್ ಕೊಡಬೇಕಿದ್ದ ಹುಡುಗಿಯ ನಂಬರ್. ನನ್ನ ಅಂಗಡಿಯಿಂದಲೇ ಕಾಲ್ ಮಾಡಿ, ನಾಳೆ ಹನ್ನೊಂದಕ್ಕೆ ಬಾ ಪುಟ್ಟಿ ಅಂದರು.